ಮಗ ಸೊರಗುತ್ತಿದ್ದಾನೆ, ಎಷ್ಟು ನೀರು ಕುಡಿದರೂ ಸಾಲುತ್ತಿಲ್ಲ: ಅದೇ ದಿನ ಮಾಡಿಸಬೇಕಾದ ಪರೀಕ್ಷೆ

ಪಿಯುಸಿ ಓದುವ 16 ವರ್ಷದ ಹುಡುಗನೊಬ್ಬ ದಸರಾ ರಜೆಗೆ ಹಾಸ್ಟೆಲಿನಿಂದ ಮನೆಗೆ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಕಾಲೇಜಿಗೆ ಸೇರುವಾಗ 54 ಕಿಲೋ ಇದ್ದವನು ಈಗ 47 ಕಿಲೋ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಊಟ ಮಾಡುತ್ತಿಲ್ಲವೇ ಎಂದರೆ ಹಾಗೇನಿಲ್ಲ, ಎರಡು ಮುದ್ದೆ ಜಾಸ್ತಿಯೇ ಇಳಿಸುತ್ತಿದ್ದಾನೆ. ಹಾಸ್ಟೆಲ್ ಊಟ ಹಿಡಿಸಿಲ್ಲ ಎನ್ನುತ್ತಾರೆ ಅಜ್ಜಿ. ಓದಿನ ಒತ್ತಡ ಎನ್ನುತ್ತಾರೆ ಅಪ್ಪ. ದೃಷ್ಟಿ ತೆಗೆಸಿದ್ದೂ ಆಗಿದೆ. ಹಾಸಿಗೆಯ ಪಕ್ಕ ಎರಡು ಲೀಟರಿನ ಬಾಟಲಿ ಇಟ್ಟುಕೊಂಡು ಮಲಗುವ ಹುಡುಗ ಬೆಳಗಾಗುವಷ್ಟರಲ್ಲಿ ಅದನ್ನು ಖಾಲಿ ಮಾಡಿರುತ್ತಾನೆ, ನಾಲ್ಕು ಬಾರಿ ಬಚ್ಚಲಿಗೆ ಎದ್ದು ಹೋಗಿರುತ್ತಾನೆ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ದಾಹ, ಪದೇ ಪದೇ ಮೂತ್ರ, ತೂಕ ಇಳಿಕೆ. ಎಳೆಯ ವಯಸ್ಸಿನಲ್ಲಿ ಈ ಮೂರೂ ಕೆಲವೇ ವಾರಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಟೈಪ್ 1 ಮಧುಮೇಹವನ್ನು. ನಮ್ಮ ಮನೆಗಳಲ್ಲಿ ಅಪ್ಪನಿಗೋ ಅತ್ತೆಗೋ ಇರುವ ‘ಶುಗರ್’ ಬೇರೆ, ಇದು ಬೇರೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಇದು ಗುರುತಿಸದೆ ಹೋದರೆ ಕೆಲವು ದಿನಗಳಲ್ಲಿ, ಪುಟ್ಟ ಮಕ್ಕಳಲ್ಲಿ ಇನ್ನೂ ಬೇಗ, ಪ್ರಾಣಕ್ಕೆ ಕುತ್ತು ತರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗಡಿಯಾರದ ಮಾತು ಮತ್ತೆ ಮತ್ತೆ ಬರುತ್ತದೆ.

ತೂಕ ಎಲ್ಲಿಗೆ ಹೋಗುತ್ತದೆ

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕಣಗಳನ್ನು ನಾಶ ಮಾಡುತ್ತದೆ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿರುವ ಸಕ್ಕರೆ ಸ್ನಾಯುಗಳ ಒಳಗೆ ಹೋಗಲಾರದು. ಅದು ರಕ್ತದಲ್ಲೇ ಏರುತ್ತಾ ಹೋಗಿ, ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ತಡೆಹಿಡಿಯಲಾರದೆ ಮೂತ್ರಕ್ಕೆ ಬಿಡುತ್ತವೆ. ಸಕ್ಕರೆ ಒಬ್ಬಂಟಿಯಾಗಿ ಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂತ್ರ ಹೆಚ್ಚಾಗುವುದು ಇದರಿಂದ, ಬಾಯಾರಿಕೆ ಅದರ ಪರಿಣಾಮ. ‘ಅಷ್ಟು ನೀರು ಕುಡಿದರೆ ಅಷ್ಟು ಮೂತ್ರ ಬರದೆ ಇರುತ್ತದೆಯೇ’ ಎಂದು ಮನೆಯವರು ಹೇಳುವುದು ತಲೆಕೆಳಗಾದ ತರ್ಕ.

ನಮ್ಮ ಹುಡುಗನ ಲೆಕ್ಕ ಹಾಕೋಣ. ದಿನಕ್ಕೆ ಐದು ಲೀಟರ್ ಮೂತ್ರ, ಲೀಟರಿಗೆ 30 ಗ್ರಾಂ ಸಕ್ಕರೆ ಎಂದರೂ 150 ಗ್ರಾಂ ಆಯಿತು. ಚಹಾ ಚಮಚದಲ್ಲಿ ಅಳೆದರೆ 30 ಚಮಚ. ಅಂದರೆ ದಿನಕ್ಕೆ 600 ಕ್ಯಾಲೊರಿ ಬಚ್ಚಲಿಗೆ ಹರಿಯುತ್ತಿದೆ. ಉಳಿದ ಸಕ್ಕರೆಯೂ ಸ್ನಾಯುಗಳಿಗೆ ದಕ್ಕದ ಕಾರಣ ದೇಹ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಉರಿಸತೊಡಗುತ್ತದೆ. ಎರಡು ಮುದ್ದೆ ಹೆಚ್ಚು ತಿಂದರೂ ಸೊರಗುವುದು ಇದಕ್ಕೇ. ಕೊಬ್ಬು ಹೀಗೆ ಉರಿಯುವಾಗ ಕೀಟೋನ್ ಎಂಬ ಆಮ್ಲಗಳು ಹುಟ್ಟುತ್ತವೆ. ಮುಂದೆ ಹೇಳಲಿರುವ ಅಪಾಯವೆಲ್ಲ ಈ ಆಮ್ಲಗಳದ್ದು.

ಮೊದಲ ಹೆಜ್ಜೆ: ನಿನ್ನೆಯ ರಾತ್ರಿಯನ್ನು ವಿಚಾರಿಸಿ

ವಾರಗಟ್ಟಲೆ ಬರೆದಿಟ್ಟು ನೋಡುವ ಅಗತ್ಯವಿಲ್ಲ, ಅಷ್ಟು ಸಮಯವೂ ಇಲ್ಲ. ನಿನ್ನೆ ರಾತ್ರಿ ಮಲಗಿದ ಮೇಲೆ ಎಷ್ಟು ಬಾರಿ ಎದ್ದೆ, ಎದ್ದಾಗಲೆಲ್ಲ ನೀರು ಕುಡಿದೆಯಾ ಎಂದು ಕೇಳಿ. ಹದಿಹರೆಯದವರು ಮೂತ್ರದ ವಿಷಯ ಹೇಳಿಕೊಳ್ಳಲು ನಾಚುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಹಾಸ್ಟೆಲಿನಲ್ಲಾದರೆ ಜೊತೆಯಲ್ಲಿ ಮಲಗುವವರನ್ನು ಕೇಳಿದರೆ ನಿಜ ತಿಳಿಯುತ್ತದೆ. ಶಾಲೆಯ ಮಕ್ಕಳಾದರೆ ತರಗತಿಯ ನಡುವೆ ಎಷ್ಟು ಬಾರಿ ಹೊರಗೆ ಹೋಗುತ್ತಾರೆ ಎಂಬುದು ಶಿಕ್ಷಕರಿಗೆ ಗೊತ್ತಿರುತ್ತದೆ.

ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿ ವರ್ಷಗಳಾದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಅದನ್ನು ಬಲವಾದ ಸುಳಿವು ಎಂದೇ ತಿಳಿಯಬೇಕು. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1990ರ ದಶಕದ ಆರಂಭದಲ್ಲಿ ವೈದ್ಯರು ಶಾಲೆಗಳಲ್ಲೂ ಮಕ್ಕಳ ಚಿಕಿತ್ಸಾಲಯಗಳಲ್ಲೂ ಒಂದು ಭಿತ್ತಿಪತ್ರ ಅಂಟಿಸಿದರು. ಮಗುವಿನ ದಾಹ, ಹೆಚ್ಚಿದ ಮೂತ್ರ, ಮರುಕಳಿಸಿದ ಹಾಸಿಗೆ ಒದ್ದೆ, ಇಷ್ಟರ ಬಗ್ಗೆ ಮಾತ್ರ ಅದರಲ್ಲಿ ಎಚ್ಚರಿಕೆ ಇತ್ತು. ಮುಂದಿನ ವರ್ಷಗಳಲ್ಲಿ ಅಲ್ಲಿ ಮಕ್ಕಳು ಈ ಆಮ್ಲಗಳು ಏರಿದ ಗಂಭೀರ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವುದು ಬಹಳ ಕಡಿಮೆಯಾಯಿತು. ನಮ್ಮಲ್ಲಿ ಇಂಥ ಮಗುವಿಗೆ ಸಿಗುವುದು ಬೈಗುಳ, ಇಲ್ಲವೇ ‘ರಾತ್ರಿ ಏಳರ ನಂತರ ನೀರು ಬಂದ್’ ಎಂಬ ಕಟ್ಟಳೆ. ಈ ಕಟ್ಟಳೆ ಅಪಾಯಕಾರಿ. ಸಕ್ಕರೆ ನೀರನ್ನು ಹೊರಗೆ ಎಳೆಯುವುದು ನಿಲ್ಲುವುದಿಲ್ಲ, ಮಗು ಮಾತ್ರ ಒಣಗುತ್ತದೆ.

ಮೂತ್ರ ಬಿದ್ದಲ್ಲಿ ಇರುವೆ ಮುತ್ತುವುದನ್ನು ಹಿಂದಿನವರು ಗಮನಿಸುತ್ತಿದ್ದರು. ಕಂಡರೆ ಕಡೆಗಣಿಸಬೇಡಿ. ತೊಳೆದ ಟೈಲ್ಸ್ ಬಚ್ಚಲಿನಲ್ಲಿ ಇರುವೆ ಕಾಣದಿದ್ದ ಮಾತ್ರಕ್ಕೆ ನಿಶ್ಚಿಂತರಾಗಲೂ ಬೇಡಿ.

ಎರಡನೆಯ ಹೆಜ್ಜೆ: ಬೆರಳಿನ ಒಂದು ಹನಿ ರಕ್ತ, ಇಂದೇ

‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಲ್ಯಾಬಿನವರು ಹೇಳಬಹುದು. ಒಪ್ಪಬೇಡಿ. ಈ ಲಕ್ಷಣಗಳಿರುವವರಿಗೆ ಖಾಲಿ ಹೊಟ್ಟೆಯ ನಿಯಮ ಬೇಕಾಗಿಲ್ಲ. ಉಂಡಿರಲಿ, ಬಿಡಲಿ, ಲಕ್ಷಣಗಳ ಜೊತೆಗೆ ರಕ್ತದ ಸಕ್ಕರೆ 200 ಅಥವಾ ಹೆಚ್ಚು ಇದ್ದರೆ ಅದು ಮಧುಮೇಹವೇ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಈಗ ಕಾಯಬೇಡಿ. ಕಾಯಿಲೆ ಕೆಲವೇ ವಾರಗಳದ್ದಾದರೆ ಆ ಸರಾಸರಿ ಇನ್ನೂ ಪೂರ್ತಿ ಏರಿರುವುದಿಲ್ಲ.

ಗ್ಲುಕೋಮೀಟರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ, ಕ್ಲಿನಿಕ್ಕುಗಳಲ್ಲಿ ಇರುತ್ತದೆ. ರಾತ್ರಿ ಒಂಬತ್ತಾಗಿ ಎಲ್ಲ ಮುಚ್ಚಿದ್ದರೂ ಬೀದಿಯಲ್ಲಿ ಶುಗರ್ ಇರುವ ಹಿರಿಯರೊಬ್ಬರ ಮನೆಯಲ್ಲಿ ಸಿಗುವುದು ಬಹುತೇಕ ಖಚಿತ. ಎರವಲು ತಂದರೆ ಸೂಜಿ ಮಾತ್ರ ಹೊಸದಾಗಿರಲಿ, ರಕ್ತದ ಹನಿ ಹಾಕುವ ಪಟ್ಟಿಯ ಅವಧಿ ಮುಗಿದಿದೆಯೇ ನೋಡಿ. ಬೆರಳನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒಣಗಿಸಿ. ಬಾಳೆಹಣ್ಣು ಸುಲಿದ ಕೈಯಲ್ಲೋ ಬೆಲ್ಲ ಮುಟ್ಟಿದ ಕೈಯಲ್ಲೋ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಬದಿಗೆ ಚುಚ್ಚಿದರೆ ನೋವು ಕಡಿಮೆ.

ಪರದೆಯಲ್ಲಿ ಅಂಕಿಯ ಬದಲು HI ಎಂದು ಬಂದರೆ ಯಂತ್ರ ಕೆಟ್ಟಿದೆ ಎಂದು ಪಕ್ಕಕ್ಕಿಡಬೇಡಿ. ಸಕ್ಕರೆ ಯಂತ್ರ ಅಳೆಯಬಲ್ಲ ಮಿತಿಯನ್ನು ಮೀರಿದೆ ಎಂದು ಅದರ ಅರ್ಥ. ಹಲವು ಯಂತ್ರಗಳಲ್ಲಿ ಆ ಮಿತಿ 600. ಕೈ ಮತ್ತೊಮ್ಮೆ ತೊಳೆದು ಇನ್ನೊಂದು ಪಟ್ಟಿ ಹಾಕಿ ನೋಡಿ. ಮತ್ತೆ ಅದೇ ಬಂದರೆ ಆಸ್ಪತ್ರೆಗೆ ಹೊರಡಿ.

ನಮ್ಮ ಹುಡುಗನ ಅಂಕಿ 412 ಬಂತು ಎನ್ನೋಣ. ಮನೆಯವರ ಮೊದಲ ಮಾತು ಸಾಮಾನ್ಯವಾಗಿ ‘ನಮ್ಮ ವಂಶದಲ್ಲೇ ಯಾರಿಗೂ ಶುಗರ್ ಇಲ್ಲ’ ಎಂದು. ಟೈಪ್ 1 ಬಂದ ಬಹುಪಾಲು ಮಕ್ಕಳ ಮನೆಯಲ್ಲಿ ಈ ಕಾಯಿಲೆ ಮೊದಲು ಯಾರಿಗೂ ಇರುವುದಿಲ್ಲ. ಸಿಹಿ ತಿಂದದ್ದರಿಂದ ಬಂದದ್ದೂ ಅಲ್ಲ. ಈ ವಾದಗಳಿಗೆ ಆಸ್ಪತ್ರೆಯ ದಾರಿಯಲ್ಲಿ ಸಮಯ ಸಿಗುತ್ತದೆ.

ಅಂಕಿ 140ರಿಂದ 199ರ ನಡುವೆ ಇದ್ದರೆ ಮರುದಿನವೇ ವೈದ್ಯರನ್ನು ಕಂಡು ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿ. ಪೂರ್ತಿ ಸಹಜವಾಗಿದ್ದೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್, ಕ್ಷಯ ಮುಂತಾದ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ. ಅದು ತುಸು ನಿಧಾನದ ಕೆಲಸ, ಆದರೆ ಬಿಡುವ ಕೆಲಸವಲ್ಲ.

ಮೂರನೆಯ ಹೆಜ್ಜೆ: ಕೀಟೋನ್, ವಾಂತಿ, ಉಸಿರು

ಸಕ್ಕರೆ 412 ಎಂಬುದಕ್ಕಿಂತ ಈಗ ಮುಖ್ಯವಾದದ್ದು ರಕ್ತ ಆಮ್ಲೀಯವಾಗುತ್ತಿದೆಯೇ ಎಂಬುದು. ಔಷಧಿ ಅಂಗಡಿಯಲ್ಲಿ ಮೂತ್ರದ ಕೀಟೋನ್ ಪಟ್ಟಿ ಸಿಗಬಹುದು. ಅದನ್ನು ಹೊಸ ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟು ಸೆಕೆಂಡ್ ಬಿಟ್ಟು ಬಣ್ಣ ಹೋಲಿಸಬೇಕು. ಗಾಢ ನೇರಳೆಗೆ ತಿರುಗಿದಷ್ಟೂ ಕೀಟೋನ್ ಹೆಚ್ಚು. ಪಟ್ಟಿ ಹುಡುಕಿಕೊಂಡು ಮೂರು ಅಂಗಡಿ ಸುತ್ತುವ ಹೊತ್ತಿಗೆ ಆಸ್ಪತ್ರೆ ತಲುಪಬಹುದು ಎಂದಾದರೆ ಆಸ್ಪತ್ರೆಗೇ ಹೋಗಿ.

ಪಟ್ಟಿ ಇಲ್ಲದೆಯೂ ಕಾಣುವ ಗುರುತುಗಳಿವೆ. ಹೊಟ್ಟೆನೋವು, ವಾಂತಿ, ಓಡದೆ ಆಡದೆಯೂ ಆಳವಾಗಿ ವೇಗವಾಗಿ ಉಸಿರಾಡುವುದು, ಮಂಕು, ತೂಕಡಿಕೆ. ಉಸಿರಿನಲ್ಲಿ ಉಗುರುಬಣ್ಣ ತೆಗೆಯುವ ದ್ರವದಂಥ ವಾಸನೆ ಬರಬಹುದು. ಆದರೆ ಎಲ್ಲರ ಮೂಗಿಗೂ ಆ ವಾಸನೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಸಮಾಧಾನಪಡಬೇಕಾಗಿಲ್ಲ. ಈ ಸ್ಥಿತಿಗೆ ಮಧುಮೇಹದ ಕೀಟೋಆಮ್ಲತೆ ಎಂದು ಹೆಸರು, ಆಸ್ಪತ್ರೆಗಳಲ್ಲಿ ಡಿಕೆಎ ಎನ್ನುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಮಧ್ಯರಾತ್ರಿಯಾಗಿದ್ದರೂ ಹೊರಡಬೇಕು. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ. ಯಾವ ಗುರುತೂ ಇಲ್ಲದೆ ಹುಡುಗ ಓಡಾಡಿಕೊಂಡಿದ್ದರೂ 200 ದಾಟಿದ ಅಂಕಿಗೆ ಅದೇ ದಿನದ ಆಸ್ಪತ್ರೆ ಭೇಟಿ ಬೇಕೇ ಬೇಕು.

ಎಡವುವುದು ಹೆಚ್ಚಾಗಿ ಈ ಹಂತದಲ್ಲೇ. ಹೊಟ್ಟೆನೋವು, ವಾಂತಿ ಎಂದರೆ ಗ್ಯಾಸ್ಟ್ರಿಕ್ ಅಥವಾ ಅಪೆಂಡಿಕ್ಸ್ ಎನ್ನಿಸುತ್ತದೆ. ಸುಸ್ತಿನ ಜೊತೆಗೆ ಮೈ ಬಿಸಿ ಇದ್ದರೆ ವಿಡಾಲ್ ಪರೀಕ್ಷೆ ಮಾಡಿಸಿ, ಅದರಲ್ಲಿ ಕಂಡ ಅಲ್ಪಸ್ವಲ್ಪ ಏರಿಕೆಗೆ ಟೈಫಾಯ್ಡ್ ಚಿಕಿತ್ಸೆ ಶುರುವಾಗುತ್ತದೆ. ಪದೇ ಪದೇ ಮೂತ್ರಕ್ಕೆ ಸೋಂಕಿನ ಮಾತ್ರೆ ಸಿಗುತ್ತದೆ. ಏದುಸಿರು ಕಂಡರೆ ಆಸ್ತಮಾ ಎಂದು ನೆಬುಲೈಸರ್ ಇಡುತ್ತಾರೆ, ಜೊತೆಗೆ ಸ್ಟೆರಾಯ್ಡ್ ಕೊಟ್ಟರೆ ಸಕ್ಕರೆ ಇನ್ನಷ್ಟು ಏರುತ್ತದೆ. ವೈದ್ಯರನ್ನು ದೂರಿ ಫಲವಿಲ್ಲ, ಈ ಲಕ್ಷಣಗಳು ನಿಜಕ್ಕೂ ಆ ಕಾಯಿಲೆಗಳನ್ನೇ ಹೋಲುತ್ತವೆ. ಆದರೆ ಮನೆಯವರು ಕೊಡಬಹುದಾದ ಒಂದು ಮಾಹಿತಿ ಇಡೀ ಚಿತ್ರವನ್ನು ಬದಲಿಸುತ್ತದೆ. ವಾಂತಿಯಿಂದ ನೀರು ಕಳೆದುಕೊಂಡ ಮಗು ಸಾಮಾನ್ಯವಾಗಿ ಮೂತ್ರ ಮಾಡುವುದೇ ಅಪರೂಪವಾಗುತ್ತದೆ. ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದ ಮಗು ಇನ್ನೂ ಧಾರಾಳವಾಗಿ ಮೂತ್ರ ಮಾಡುತ್ತಿದ್ದರೆ ಸಕ್ಕರೆಯನ್ನು ನೋಡಲೇಬೇಕು. ‘ಡಾಕ್ಟ್ರೇ, ಇಷ್ಟು ವಾಂತಿಯಾದರೂ ಗಂಟೆಗೊಮ್ಮೆ ಮೂತ್ರಕ್ಕೆ ಹೋಗುತ್ತಿದ್ದಾನೆ, ಒಮ್ಮೆ ಶುಗರ್ ನೋಡಿಬಿಡಿ’ ಎಂದು ಬಾಯಿಬಿಟ್ಟು ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ.

ನಾಲ್ಕನೆಯ ಹೆಜ್ಜೆ: ದಾರಿಯಲ್ಲಿ ಏನು ಕೊಡಬೇಕು, ಏನು ಕೊಡಬಾರದು

ಎಚ್ಚರವಿದ್ದು ನುಂಗಬಲ್ಲವನಾದರೆ ಬರಿಯ ನೀರು ಕೊಡಿ, ಗುಟುಕು ಗುಟುಕಾಗಿ. ಎಳನೀರು, ಹಣ್ಣಿನ ರಸ, ತಂಪು ಪಾನೀಯ ಬೇಡ. ದಾಹ ಎಂದು ವಾರಗಟ್ಟಲೆ ತಂಪು ಪಾನೀಯ ಕುಡಿದೇ ಸಕ್ಕರೆಯನ್ನು 400ರಿಂದ 800ಕ್ಕೆ ಏರಿಸಿಕೊಳ್ಳುವ ಹುಡುಗರಿದ್ದಾರೆ. ಮಂಪರಿನಲ್ಲಿರುವವನ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ.

ನಮ್ಮ ಕಡೆ ಸುಸ್ತು ಎಂದರೆ ಗ್ಲುಕೋಸ್ ಪುಡಿ ಕಲಸಿ ಕೊಡುವುದು ರೂಢಿ. ಅದಕ್ಕಿಂತ ಗಟ್ಟಿಯಾದ ರೂಢಿ ಎಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಒಂದು ಗ್ಲುಕೋಸ್ ಹಾಕಿಬಿಡಿ’ ಎನ್ನುವುದು. ಶೇಕಡಾ 5ರ ಡೆಕ್ಸ್‌ಟ್ರೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಆಗಲೇ 412 ಇರುವ ರಕ್ತಕ್ಕೆ ಅದು ನೇರವಾಗಿ ಸೇರುತ್ತದೆ. ಸಕ್ಕರೆ ಅಳೆಯದೆ ಯಾವ ಬಾಟಲಿಯನ್ನೂ ಹಾಕಿಸಿಕೊಳ್ಳಬೇಡಿ.

ಮನೆಯಲ್ಲಿರುವ ಅಜ್ಜನ ಶುಗರ್ ಮಾತ್ರೆಯೂ ಬೇಡ, ಅಜ್ಜನ ಇನ್ಸುಲಿನ್ ಅನ್ನು ಅಂದಾಜಿನಲ್ಲಿ ಚುಚ್ಚುವುದೂ ಬೇಡ. ಟೈಪ್ 1ರ ಈ ಹಂತದಲ್ಲಿ ಮಾತ್ರೆಗಳು ಕೆಲಸಕ್ಕೆ ಬರುವುದಿಲ್ಲ. ಇನ್ಸುಲಿನ್ ಬೇಕೇ ಬೇಕಾದರೂ ಅದನ್ನು ಪೊಟ್ಯಾಸಿಯಂ ಗಮನಿಸುತ್ತಾ ಕೊಡಬೇಕು. ಏಕೆಂದರೆ ಇನ್ಸುಲಿನ್ ಸಕ್ಕರೆಯ ಜೊತೆಗೆ ಪೊಟ್ಯಾಸಿಯಮ್ಮನ್ನೂ ಕಣಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ.

ಹೊರಡುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದಾಹ ಶುರುವಾಗಿ ಎಷ್ಟು ವಾರ, ಹಿಂದಿನ ತೂಕ ಮತ್ತು ಈಗಿನ ತೂಕ, ಎಷ್ಟು ಗಂಟೆಗೆ ಸಕ್ಕರೆ ಎಷ್ಟಿತ್ತು, ವಾಂತಿ ಎಷ್ಟು ಬಾರಿ, ಈ ವಾರ ಏನೇನು ಮಾತ್ರೆ ಕೊಟ್ಟಿದ್ದೀರಿ. ತುರ್ತು ಘಟಕದ ಬಾಗಿಲಲ್ಲಿ ಗಾಬರಿಯಲ್ಲಿ ಇವೆಲ್ಲ ನೆನಪಾಗುವುದಿಲ್ಲ.

ಆಸ್ಪತ್ರೆಯಲ್ಲಿ

ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗಿ. ಊರಿನ ಹೆಸರಾಂತ ತಜ್ಞರ ಅಪಾಯಿಂಟ್‌ಮೆಂಟ್ ನಾಡಿದ್ದು ಸಿಕ್ಕಿದೆ ಎಂದು ಕಾಯುವುದು ಬೇಡ. ಆಸ್ಪತ್ರೆಯಲ್ಲಿ ಸಕ್ಕರೆ, ಕೀಟೋನ್, ರಕ್ತದ ಆಮ್ಲೀಯತೆ, ಸೋಡಿಯಂ ಮತ್ತು ಪೊಟ್ಯಾಸಿಯಂ ನೋಡುತ್ತಾರೆ. ರಕ್ತದ ಪಿಎಚ್ 7.3ಕ್ಕಿಂತ ಕೆಳಗಿದ್ದರೆ ಡಿಕೆಎ ಎಂದು ಪರಿಗಣಿಸುತ್ತಾರೆ. ಮಕ್ಕಳ ತೀವ್ರ ನಿಗಾ ಘಟಕ ಇಲ್ಲದ ಆಸ್ಪತ್ರೆಯಾದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಸಲೈನ್ ಶುರು ಮಾಡಿಯೇ ಕಳಿಸಿ ಎಂದು ಕೇಳಿಕೊಳ್ಳಿ, ಪ್ರಯಾಣದ ಎರಡು ಗಂಟೆ ವ್ಯರ್ಥವಾಗುವುದಿಲ್ಲ.

ನಮ್ಮ 47 ಕಿಲೋ ಹುಡುಗನಿಗೆ ಡಿಕೆಎ ಇದೆ ಎಂದಾದರೆ ಮೊದಲ ಗಂಟೆಯಲ್ಲಿ ಸುಮಾರು ಅರ್ಧದಿಂದ ಒಂದು ಲೀಟರ್ ಸಲೈನ್ ಹೋಗುತ್ತದೆ. ಇನ್ಸುಲಿನ್ ಶುರುವಾಗುವುದು ಆ ಗಂಟೆ ಕಳೆದ ಮೇಲೆ, ಅದೂ ಗಂಟೆಗೆ ಎರಡರಿಂದ ಐದು ಯೂನಿಟ್‌ನಷ್ಟು, ಹನಿಹನಿಯಾಗಿ. ‘412 ಇದ್ದರೂ ಇನ್ನೂ ಇನ್ಸುಲಿನ್ ಕೊಟ್ಟಿಲ್ಲ’ ಎಂದು ಜಗಳಕ್ಕೆ ನಿಲ್ಲುವ ಬಂಧುಗಳಿಗೆ ಇದು ಗೊತ್ತಿರಬೇಕು. ಸಕ್ಕರೆಯನ್ನು ಗಡಿಬಿಡಿಯಲ್ಲಿ ಇಳಿಸುವುದು ಒಳ್ಳೆಯದಲ್ಲ. ಚಿಕಿತ್ಸೆಯ ಮೊದಲ ದಿನ ಮಕ್ಕಳಲ್ಲಿ ಮಿದುಳು ಬಾತುಕೊಳ್ಳುವ ಅಪಾಯವೂ ಇರುತ್ತದೆ. ತೀವ್ರ ತಲೆನೋವು, ಅಸಂಬದ್ಧ ಮಾತು, ಹೊಸದಾಗಿ ಮಂಪರು ಕಂಡರೆ ಪಕ್ಕದಲ್ಲಿ ಕುಳಿತವರು ತಕ್ಷಣ ನರ್ಸ್ ಅವರನ್ನು ಕರೆಯಬೇಕು.

ಕೆಲವು ಗಂಟೆಗಳ ನಂತರ ವೈದ್ಯರೇ ಬಾಟಲಿಗೆ ಗ್ಲುಕೋಸ್ ಸೇರಿಸುವುದನ್ನು ನೋಡಿ ಬೆಚ್ಚಬೇಡಿ. ಸಕ್ಕರೆ ಇಳಿಯುತ್ತಾ ಬಂದರೂ ಕೀಟೋನ್ ಕರಗಲು ಇನ್ಸುಲಿನ್ ಮುಂದುವರಿಯಬೇಕು. ಅದರಿಂದ ಸಕ್ಕರೆ ತೀರಾ ಕುಸಿಯದಂತೆ ಈ ಗ್ಲುಕೋಸ್. ಆಗ ಪಕ್ಕದಲ್ಲಿ ಇನ್ಸುಲಿನ್ ಹೋಗುತ್ತಿರುತ್ತದೆ, ಗಂಟೆಗಂಟೆಗೆ ಅಳತೆಯೂ ನಡೆದಿರುತ್ತದೆ. ಕ್ಲಿನಿಕ್ಕಿನ ಬಾಟಲಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದು ಸಣ್ಣದಲ್ಲ.

ಮನೆಗೆ ಬಂದ ಮೇಲೆ, ಮೊದಲ ತಿಂಗಳುಗಳು

‘ಇಷ್ಟು ಚಿಕ್ಕ ವಯಸ್ಸಿಗೆ ಇಂಜೆಕ್ಷನ್ ಬೇಡ, ಮಾತ್ರೆಯಲ್ಲೇ ನೋಡೋಣ’ ಎನ್ನುವವರು ಸಿಕ್ಕೇ ಸಿಗುತ್ತಾರೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಎಲುಬಿನ ಹಂದರವಾಗಿ ಸಾಯುತ್ತಿದ್ದರು. ಟೈಪ್ 1ರಲ್ಲಿ ಇನ್ಸುಲಿನ್ ಎಂದರೆ ದೇಹ ಮಾಡಿಕೊಳ್ಳಲಾಗದೆ ಹೋದದ್ದನ್ನು ಹೊರಗಿನಿಂದ ಕೊಡುವುದು. ಅದಕ್ಕೆ ಬದಲಿ ಮಾತ್ರೆ ಇಲ್ಲ.

ಹೊಸ ಕುಟುಂಬಗಳನ್ನು ಹೆಚ್ಚು ದಾರಿತಪ್ಪಿಸುವ ಘಟ್ಟ ಬರುವುದು ಕೆಲವು ವಾರಗಳ ನಂತರ. ಇನ್ಸುಲಿನ್ ಶುರುವಾದ ಮೇಲೆ ಅಳಿದುಳಿದ ಕಣಗಳು ತುಸು ಚೇತರಿಸಿಕೊಳ್ಳುತ್ತವೆ. ಬೇಕಾಗುವ ಯೂನಿಟ್ಟುಗಳು ಬಹಳ ಇಳಿಯುತ್ತವೆ, ತೂಕ ಮರಳಿ ಬರುತ್ತದೆ, ಹುಡುಗ ಮೊದಲಿನಂತೆಯೇ ಕಾಣುತ್ತಾನೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಸರಿಯಾಗಿ ಇದೇ ಹೊತ್ತಿಗೆ ಯಾರೋ ಕೊಟ್ಟ ಕಷಾಯವೋ ಬೇರೋ ಶುರುವಾಗಿದ್ದರೆ ಕೀರ್ತಿ ಅದಕ್ಕೆ ಹೋಗುತ್ತದೆ, ಇನ್ಸುಲಿನ್ ನಿಲ್ಲುತ್ತದೆ. ಈ ಅವಧಿ ಮುಗಿಯುವಂಥದ್ದು, ಮುಗಿದಾಗ ಮುನ್ಸೂಚನೆ ಕೊಡುವುದಿಲ್ಲ. ನಿಲ್ಲಿಸಿದವರು ಕೆಲವೇ ದಿನಗಳಲ್ಲಿ ಅದೇ ವಾಂತಿ, ಅದೇ ಏದುಸಿರಿನೊಂದಿಗೆ ಆಸ್ಪತ್ರೆಗೆ ಮರಳುತ್ತಾರೆ. ಪ್ರಮಾಣವನ್ನು ವೈದ್ಯರ ಸಲಹೆಯಂತೆ ಇಳಿಸಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ಜ್ವರ ಬಂದು ಊಟ ಸೇರದ ದಿನವೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಬಿಡಬಾರದು. ಅಂಥ ದಿನ ಸಕ್ಕರೆಯ ಜೊತೆ ಕೀಟೋನ್ ಅನ್ನೂ ನೋಡಿ ವೈದ್ಯರಿಗೆ ಫೋನ್ ಮಾಡಿ.

ಖರ್ಚಿನ ಮಾತೂ ಇದೆ. ಇನ್ಸುಲಿನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ದಾಸ್ತಾನು ಎಲ್ಲ ಕಾಲಕ್ಕೂ ಒಂದೇ ರೀತಿ ಇರುವುದಿಲ್ಲ. ಬಿಡುಗಡೆಯ ದಿನವೇ ಮುಂದಿನ ತಿಂಗಳದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಮಧುಮೇಹ ಮತ್ತು ಹಾರ್ಮೋನ್ ಕಾಯಿಲೆಗಳಿಗೆಂದೇ ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ ಇದೆ, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಕಾಯಿಲೆ ಟೈಪ್ 1 ಹೌದೋ, ಎಳೆಯರಲ್ಲಿ ಕಾಣುವ ಬೇರೆ ಬಗೆಯ ಮಧುಮೇಹವೋ ಎಂಬ ಸೂಕ್ಷ್ಮ ಪರೀಕ್ಷೆಗಳು ನಿಧಾನವಾಗಿ ಆಗಲಿ. ಅವುಗಳ ವರದಿಗಾಗಿ ಇನ್ಸುಲಿನ್ ಅನ್ನು ತಡಮಾಡುವುದು ಬೇಡ.

ಹುಡುಗನಿಗೆ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಈ ಕಾಯಿಲೆ ಬರುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಹೆಚ್ಚು. ಹಾಗೆಂದು ದಿನವೂ ಅವರ ಬೆರಳು ಚುಚ್ಚಬೇಕಿಲ್ಲ. ಅವರಲ್ಲೂ ದಾಹ ಹೆಚ್ಚಾದರೆ, ರಾತ್ರಿ ಎದ್ದು ಹೋಗುವುದು ಶುರುವಾದರೆ, ಮನೆಯಲ್ಲಿ ಈಗ ಗ್ಲುಕೋಮೀಟರ್ ಇದ್ದೇ ಇದೆ. ಸೂಜಿ ಬದಲಿಸಿ, ಕೈ ತೊಳೆಸಿ, ಆ ರಾತ್ರಿಯೇ ನೋಡಿ.